ಡೇರಿಯ ನಡವಳಿ ಪುಸ್ತಕ: ದರ, ಬೋನಸ್, ಸಂಬಳದ ಲೆಕ್ಕ ಎಲ್ಲಿ ತಪ್ಪುತ್ತದೆ

‘ಒಕ್ಕೂಟವು ಹಾಲಿನ ದರ ಇಳಿಸಿರುವ ವಿಷಯವನ್ನು ಚರ್ಚಿಸಿ, ಅದರಂತೆ ಇಳಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’

ಒಂದು ಹಳ್ಳಿ ಡೇರಿಯ ನಡವಳಿ ಪುಸ್ತಕದಲ್ಲಿ ದರದ ಬಗ್ಗೆ ಇದ್ದದ್ದು ಈ ಒಂದೇ ಸಾಲು. ಎಷ್ಟು ಇಳಿಕೆ, ಯಾವ ದಿನದಿಂದ, ಬೆಳಗಿನ ಹಾಲಿಗೋ ಸಂಜೆಯ ಹಾಲಿಗೋ, ಯಾವ ಸುತ್ತೋಲೆಯ ಪ್ರಕಾರ ಎಂಬುದೊಂದೂ ಇರಲಿಲ್ಲ. ಒಕ್ಕೂಟ ತಿಂಗಳ 1ನೇ ತಾರೀಖಿನ ಬೆಳಗಿನ ಹಾಲಿನಿಂದಲೇ ಲೀಟರಿಗೆ ₹1.50 ಕಡಿತ ಮಾಡಿತ್ತು. ಕಾಗದ ಊರು ತಲುಪಿ ಆಡಳಿತ ಮಂಡಳಿ ಸೇರುವಷ್ಟರಲ್ಲಿ 4ನೇ ತಾರೀಖು ಸಂಜೆಯಾಗಿತ್ತು. ಕಾರ್ಯದರ್ಶಿ ಆ ನಾಲ್ಕು ದಿನವೂ ಹಳೆಯ ದರವನ್ನೇ ಬರೆದಿದ್ದರು. ದಿನಕ್ಕೆ 800 ಲೀಟರ್ ಹಾಲು ಬರುವ ಡೇರಿ ಎಂದರೆ ನಾಲ್ಕು ದಿನಕ್ಕೆ ₹4,800 ಹೆಚ್ಚು ಬಟವಾಡೆಯಾಯಿತು. ವರ್ಷದ ಕೊನೆಗೆ ಲೆಕ್ಕ ಪರಿಶೋಧಕರು ಅದನ್ನು ‘ಅಧಿಕ ಪಾವತಿ’ ಎಂದು ಗುರುತು ಹಾಕಿ, ಕಾರ್ಯದರ್ಶಿಯಿಂದ ವಸೂಲು ಮಾಡುವಂತೆ ಬರೆದರು. ‘ಹಾಲು ಹಾಕಿದ ರೈತರಿಗೆ ಹೇಳದೆ ಹಿಂದಿನ ದಿನಗಳ ದರ ಇಳಿಸುವುದು ಬೇಡ ಅಂತ ಸಭೆಯಲ್ಲಿ ಎಲ್ಲರೂ ಹೇಳಿದ್ರಲ್ಲಪ್ಪ’ ಎಂದು ನಿರ್ದೇಶಕರು ನೆನಪಿಸಿಕೊಂಡರು. ಹೇಳಿದ್ದು ನಿಜವೇ ಇರಬೇಕು. ಪುಸ್ತಕದಲ್ಲಿ ಮಾತ್ರ ಅದು ಇರಲಿಲ್ಲ.

ನಾನು ಇಲ್ಲಿ ಬರೆಯುತ್ತಿರುವುದು ಆ ಪುಸ್ತಕದ ಬಗ್ಗೆ. ಡೇರಿಯ ಆಡಳಿತ ಮಂಡಳಿ ನಡವಳಿಯಲ್ಲಿ ಮೂರು ಸಂಗತಿಗಳು ಮತ್ತೆ ಮತ್ತೆ ಬರುತ್ತವೆ: ಹಾಲಿನ ದರ, ಬೋನಸ್, ಸಿಬ್ಬಂದಿ. ಇವನ್ನು ಮೂರು ಬೇರೆ ವಿಷಯಗಳೆಂದು ಮೂರು ಬೇರೆ ದಿನ ತೀರ್ಮಾನಿಸುತ್ತಾರೆ. ಆದರೆ ಮೂರಕ್ಕೂ ಹಣ ಬರುವುದು ಒಂದೇ ಕ್ಯಾನಿನಿಂದ. ಅದು ಗೊತ್ತಿದ್ದರೆ ನಡವಳಿ ಬರೆಯುವವರಿಗೂ ಓದುವ ಸದಸ್ಯರಿಗೂ ಕಣ್ಣಿಗೆ ಬೀಳುವ ವಿಷಯಗಳೇ ಬೇರೆಯಾಗುತ್ತವೆ.

ದರ ಯಾರದು?

ಮೊದಲ ಗೊಂದಲ ‘ದರ’ ಎಂಬ ಪದದಲ್ಲೇ ಇದೆ. ಟಿವಿಯಲ್ಲಿ ಹಾಲಿನ ದರ ಏರಿತು ಎಂದು ಬಂದ ಮರುದಿನವೇ ಡೇರಿಯ ಮುಂದೆ ‘ನಮಗೆ ಎಷ್ಟು ಜಾಸ್ತಿ?’ ಎಂಬ ಪ್ರಶ್ನೆ ಏಳುತ್ತದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ ₹4 ಏರಿದಾಗಲೂ ಹಾಗೇ ಆಯಿತು. ಪ್ಯಾಕೆಟ್ಟಿನ ಮೇಲಿನ ಬೆಲೆ ಒಂದು. ಜಿಲ್ಲಾ ಹಾಲು ಒಕ್ಕೂಟ ನಿಮ್ಮ ಸಂಘಕ್ಕೆ ಕೊಡುವ ದರ ಇನ್ನೊಂದು. ಸಂಘ ಹಾಲು ಹಾಕುವವರಿಗೆ ಕೊಡುವ ದರ ಮೂರನೆಯದು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಅಂತರವೇ ಸಂಘದ ಕಮಿಷನ್. ಒಕ್ಕೂಟದ ಸುತ್ತೋಲೆಯಲ್ಲಿ ಸಾಮಾನ್ಯವಾಗಿ ಎರಡೂ ಅಂಕಿ ಇರುತ್ತವೆ, ಸಂಘಕ್ಕೆ ಇಷ್ಟು, ಉತ್ಪಾದಕರಿಗೆ ಇಷ್ಟು ಎಂದು. ಸುತ್ತೋಲೆ ಬರುವವರೆಗೆ ಟಿವಿಯ ಮಾತಿಗೆ ಡೇರಿಯಲ್ಲಿ ಬೆಲೆಯಿಲ್ಲ.

ಇದರ ಜೊತೆ ಸರ್ಕಾರದ ಪ್ರೋತ್ಸಾಹಧನ ಬೇರೆ ಇದೆ. 2008ರಲ್ಲಿ ಲೀಟರಿಗೆ ₹2ರಂತೆ ಶುರುವಾಗಿ, ಮುಂದೆ ₹5ಕ್ಕೆ ಏರಿದ ಆ ಹಣ ನೇರವಾಗಿ ಹಾಲು ಹಾಕುವವರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಸಂಘದ ಪಾಲಿನ ಕೆಲಸ ಯಾರು ಎಷ್ಟು ಲೀಟರ್ ಹಾಕಿದರು ಎಂಬ ಪಟ್ಟಿಯನ್ನು ಸರಿಯಾಗಿ ಕಳಿಸುವುದು. ಕೆಲವು ನಡವಳಿಗಳಲ್ಲಿ ‘ಪ್ರೋತ್ಸಾಹಧನ ಸೇರಿ ದರ ₹40’ ಎಂದೆಲ್ಲ ಬರೆದದ್ದನ್ನು ಕಂಡಿದ್ದೇನೆ. ಹಾಗೆ ಬರೆದರೆ ಸಂಘ ಕೊಡದ ಹಣವನ್ನು ಸಂಘವೇ ಕೊಡುವುದಾಗಿ ಒಪ್ಪಿಕೊಂಡಂತಾಗುತ್ತದೆ. ಹಣ ಬರುವುದು ನಾಲ್ಕು ತಿಂಗಳು ತಡವಾದರೆ ಜನ ಕಾರ್ಯದರ್ಶಿಯ ಮನೆಗೆ ಬರುತ್ತಾರೆ.

ಆಡಳಿತ ಮಂಡಳಿ ದರ ‘ನಿಗದಿ’ ಮಾಡುವುದಿಲ್ಲ. ಒಕ್ಕೂಟದ ದರವನ್ನು ದಾಖಲೆಗೆ ತೆಗೆದುಕೊಂಡು ಯಾವ ಹೊತ್ತಿನ ಹಾಲಿನಿಂದ ಜಾರಿ ಎಂದು ಹೇಳುತ್ತದೆ. ಅದರ ಕೈಯಲ್ಲಿರುವುದು ಸಂಘದ ಕಮಿಷನ್ ಮತ್ತು ಇತರ ವ್ಯಾಪಾರದ ಉಳಿತಾಯ ಮಾತ್ರ. ಮೇಲಿನ ಡೇರಿಯ ನಿರ್ಣಯವನ್ನು ಹೀಗೆ ಬರೆದಿದ್ದರೆ ಆಕ್ಷೇಪಣೆಗೆ ಜಾಗವೇ ಇರುತ್ತಿರಲಿಲ್ಲ:

‘ವಿಷಯ 3: ಹಾಲು ಖರೀದಿ ದರ ಪರಿಷ್ಕರಣೆ. ಒಕ್ಕೂಟದ ಸುತ್ತೋಲೆಯನ್ನು (ಸಂಖ್ಯೆ, ದಿನಾಂಕ) ಕಾರ್ಯದರ್ಶಿಯವರು ಸಭೆಗೆ ಓದಿ ಹೇಳಿದರು. ಸುತ್ತೋಲೆ ಸಂಘಕ್ಕೆ ತಲುಪಿದ್ದು 4ನೇ ತಾರೀಖು ಮಧ್ಯಾಹ್ನ. ಜಿಡ್ಡು ಶೇ 4.0, ಎಸ್‌ಎನ್‌ಎಫ್ ಶೇ 8.5 ಇರುವ ಹಾಲಿಗೆ ಸಂಘಕ್ಕೆ ಲೀಟರಿಗೆ ₹36.00ರ ಬದಲು ₹34.50, ಉತ್ಪಾದಕರಿಗೆ ₹35.00ರ ಬದಲು ₹33.50 ಎಂದು ತಿಳಿದುಬಂದಿದೆ. ಹೊಸ ದರ ಪಟ್ಟಿಯನ್ನು 5ನೇ ತಾರೀಖಿನ ಬೆಳಗಿನ ಹಾಲಿನಿಂದ ಜಾರಿಗೆ ತಂದು ಸೂಚನಾ ಫಲಕದಲ್ಲಿ ಹಾಕಲು, 1ರಿಂದ 4ರವರೆಗೆ ಹಳೆಯ ದರದಲ್ಲಿ ಆದ ವ್ಯತ್ಯಾಸ ₹4,800ನ್ನು ಸಂಘದ ವ್ಯಾಪಾರದ ಉಳಿತಾಯದಿಂದ ಭರಿಸಲು ತೀರ್ಮಾನಿಸಲಾಯಿತು. ಸೂಚಕರು, ಅನುಮೋದಕರು.’

ಈ ಬರಹದಲ್ಲಿನ ಅಂಕಿಗಳು ಲೆಕ್ಕ ಹಿಡಿಯಲು ನಾನು ಇಟ್ಟುಕೊಂಡವು. ನಿಮ್ಮ ಒಕ್ಕೂಟದ ದರ ಬೇರೆ ಇರುತ್ತದೆ, ಮೂಲ ಜಿಡ್ಡಿನ ಮಟ್ಟವೂ ಬೇರೆ ಇರಬಹುದು. ಇಲ್ಲಿ ನೋಡಬೇಕಾದ್ದು ಅಂಕಿಯನ್ನಲ್ಲ, ಅವು ಇರುವ ಜಾಗವನ್ನು. ಸುತ್ತೋಲೆ ತಲುಪಿದ ಸಮಯವನ್ನು ಬರೆದಿದೆ. ಹಳೆಯ ದರ, ಹೊಸ ದರ ಎರಡೂ ಇವೆ. ₹4,800 ಯಾರ ಹೆಗಲಿಗೆ ಎಂಬುದೂ ಇದೆ. ಇದು ಸರಿಯೋ ತಪ್ಪೋ ಎಂದು ಯಾರಾದರೂ ವಾದ ಮಾಡಬಹುದು, ಆದರೆ ಅದು ಮಂಡಳಿಯ ತೀರ್ಮಾನ. ಕಾರ್ಯದರ್ಶಿಯ ತಪ್ಪಲ್ಲ.

ಇನ್ನೊಂದು ಸಣ್ಣ ಮಾತು. ₹1.50 ಇಳಿದದ್ದು ಮೂಲ ದರಕ್ಕೆ. ಜಿಡ್ಡು ಒಂದು ಪಾಯಿಂಟ್ ಹೆಚ್ಚಾದರೆ ಎಷ್ಟು, ಎಸ್‌ಎನ್‌ಎಫ್ ಕಡಿಮೆಯಾದರೆ ಎಷ್ಟು ಕಡಿತ ಎಂಬ ಮೆಟ್ಟಿಲುಗಳು ದರ ಪಟ್ಟಿಯಲ್ಲಿರುತ್ತವೆ. ಅವು ಬದಲಾಗಿದ್ದರೆ ಅದನ್ನೂ ಬರೆಯಬೇಕು. ಎಮ್ಮೆ ಹಾಲು ಹಾಕುವ ಮನೆಗೆ ಮೂಲ ದರಕ್ಕಿಂತ ಈ ಮೆಟ್ಟಿಲೇ ಮುಖ್ಯ.

ಐವತ್ತು ಪೈಸೆ ಸಂಘವೇ ಕೊಟ್ಟರೆ?

ಒಕ್ಕೂಟ ದರ ಇಳಿಸಿದ ಕೂಡಲೇ ಊರಿಗೆ ಖಾಸಗಿ ಡೇರಿಯ ಗಾಡಿ ಬರುತ್ತದೆ. ಆಗ ಮಂಡಳಿಯಲ್ಲಿ ಯಾರೋ ಒಬ್ಬರು, ‘ಒಂದು ತಿಂಗಳ ಮಟ್ಟಿಗೆ ಸಂಘದಿಂದಲೇ ಐವತ್ತು ಪೈಸೆ ಸೇರಿಸಿ ಕೊಡೋಣ, ಹಾಲು ಆಚೆ ಹೋಗೋದು ನಿಲ್ಲುತ್ತೆ’ ಎನ್ನುತ್ತಾರೆ. ಒಳ್ಳೆಯ ಮಾತು. ಆದರೆ ಒಕ್ಕೂಟದ ಸುತ್ತೋಲೆಯಲ್ಲಿ ಅದಕ್ಕೆ ತಡೆ ಇದ್ದರೆ ಅಲ್ಲಿಗೇ ಬಿಡಬೇಕು. ಇಲ್ಲದಿದ್ದರೆ ಮೊದಲು ಲೆಕ್ಕ ಸಭೆಯ ಮುಂದೆ ಬರಬೇಕು, ಆ ಲೆಕ್ಕ ನಡವಳಿಯಲ್ಲಿ ಉಳಿಯಬೇಕು.

ನಮ್ಮ 800 ಲೀಟರಿನ ಡೇರಿಯನ್ನೇ ಹಿಡಿಯೋಣ. ದಿನಕ್ಕೆ 60 ಲೀಟರ್ ಊರಲ್ಲೇ ಮಾರಾಟವಾಗುತ್ತದೆ, 740 ಲೀಟರ್ ಒಕ್ಕೂಟಕ್ಕೆ ಹೋಗುತ್ತದೆ. ಲೀಟರಿಗೆ ₹1ರಂತೆ ಒಕ್ಕೂಟದ ಹಾಲಿನ ಕಮಿಷನ್ ತಿಂಗಳಿಗೆ ₹22,200. ಸ್ಥಳೀಯ ಹಾಲನ್ನು ₹46ಕ್ಕೆ ಮಾರಿದರೆ ಕೊಂಡ ಬೆಲೆ ₹33.50 ಕಳೆದು ಲೀಟರಿಗೆ ₹12.50 ಉಳಿಯುತ್ತದೆ. ತಿಂಗಳಿಗೆ ₹22,500. ಪಶು ಆಹಾರ ಮಾರಾಟದಿಂದ ₹4,300. ಒಟ್ಟು ₹49,000. ಸಂಬಳ ₹23,000, ಕರೆಂಟು, ಡೀಸೆಲ್, ಪರೀಕ್ಷೆಯ ಸಾಮಗ್ರಿ, ಕಾಗದ ಪತ್ರ ಎಲ್ಲ ಸೇರಿ ₹7,000. ಕೈಯಲ್ಲಿ ಉಳಿಯುವುದು ₹19,000.

ಐವತ್ತು ಪೈಸೆಯನ್ನು 800 ಲೀಟರಿಗೂ ಕೊಡಬೇಕು. ಒಕ್ಕೂಟಕ್ಕೆ ಕಳಿಸುವ 740ಕ್ಕೆ ಮಾತ್ರ ಎಂದು ಲೆಕ್ಕ ಹಾಕುವುದು ಸಾಮಾನ್ಯ ತಪ್ಪು. ಮೂವತ್ತು ದಿನಕ್ಕೆ ₹12,000. ಉಳಿಯುವುದು ₹7,000. ಒಂದು ತಿಂಗಳು ತಡೆದುಕೊಳ್ಳಬಹುದು. ಎರಡು ತಿಂಗಳೂ ಹೇಗೋ ಎಳೆಯಬಹುದು. ಕೊನೆಯ ದಿನಾಂಕ ಬರೆಯದ ನಿರ್ಣಯ ಮಾತ್ರ ಅಪಾಯ. ‘ಮುಂದಿನ ಆದೇಶದವರೆಗೆ’ ಎಂದು ಬರೆದರೆ ಅದನ್ನು ನಿಲ್ಲಿಸುವ ಧೈರ್ಯ ಮುಂದೆ ಯಾವ ಅಧ್ಯಕ್ಷರಿಗೂ ಬರುವುದಿಲ್ಲ, ಚುನಾವಣೆಯ ವರ್ಷವಾದರೆ ಕೇಳುವುದೇ ಬೇಡ. ‘ಇಂಥ ತಾರೀಖಿನ ಸಂಜೆಯ ಹಾಲಿನವರೆಗೆ’ ಎಂದು ಬರೆಯಿರಿ.

ಗಮನಿಸಿ, ಈ ಡೇರಿಯಲ್ಲಿ ಸಂಬಳವೇ ಒಕ್ಕೂಟದ ಕಮಿಷನ್ನಿಗಿಂತ ಹೆಚ್ಚಿದೆ. ಸಂಘವನ್ನು ಎತ್ತಿ ಹಿಡಿದಿರುವುದು ಊರಲ್ಲಿ ಮಾರುವ 60 ಲೀಟರ್. ಹಾಗಾಗಿ ಸ್ಥಳೀಯ ಮಾರಾಟದ ಲೆಕ್ಕ ಪ್ರತಿ ತಿಂಗಳ ನಡವಳಿಯಲ್ಲಿ ಲೀಟರ್ ಸಮೇತ ಬರಬೇಕು. ಎಷ್ಟೋ ಡೇರಿಗಳಲ್ಲಿ ‘ಜಮಾ ಖರ್ಚು ಓದಿ ಅಂಗೀಕರಿಸಲಾಯಿತು’ ಎಂಬ ಒಂದೇ ಸಾಲಿನಲ್ಲಿ ಅದು ಮುಳುಗಿಹೋಗುತ್ತದೆ. ದಿನಕ್ಕೆ ನಾಲ್ಕು ಲೀಟರ್ ಲೆಕ್ಕಕ್ಕೆ ಬಾರದೆ ಹೋದರೂ ₹46ರಂತೆ ತಿಂಗಳಿಗೆ ₹5,500 ದಾಟುತ್ತದೆ.

ಬೋನಸ್ ಎಂಬ ಎರಡು ಬೇರೆ ವಸ್ತು

ಡೇರಿಯಲ್ಲಿ ಬೋನಸ್ ಎಂದರೆ ಎರಡು. ಹಾಲು ಹಾಕುವವರಿಗೆ ವರ್ಷದ ಕೊನೆಗೆ ಕೊಡುವ ಬೋನಸ್ ಒಂದು, ಸಿಬ್ಬಂದಿಗೆ ಕೊಡುವ ಬೋನಸ್ ಇನ್ನೊಂದು. ನೌಕರರ ಬೋನಸ್ ಬಗೆಗಿನ ಕಾನೂನು ಇಪ್ಪತ್ತು ಮತ್ತು ಹೆಚ್ಚು ಜನ ಕೆಲಸ ಮಾಡುವ ಕಡೆಗೆ ಸಂಬಂಧಿಸಿದ್ದು. ಮೂರು ನಾಲ್ಕು ಜನರ ಹಳ್ಳಿ ಡೇರಿಯಲ್ಲಿ ಸಿಬ್ಬಂದಿ ಬೋನಸ್ ನಡೆಯುವುದು ಸಂಘದ ಉಪವಿಧಿಯ ಮೇಲೆ. ‘ಶೇ 8.33 ಕೊಡಲೇಬೇಕು’ ಎಂದು ಎಲ್ಲಿಂದಲೋ ಕೇಳಿಕೊಂಡು ಬಂದು ನಡವಳಿಯಲ್ಲಿ ಬರೆಯುವ ಮೊದಲು ಉಪವಿಧಿ ಪುಸ್ತಕ ತೆರೆಯುವುದು ಒಳ್ಳೆಯದು. ಎರಡಕ್ಕೂ ಬೇರೆ ಬೇರೆ ನಿರ್ಣಯ ಬೇಕು.

ಉತ್ಪಾದಕರ ಬೋನಸ್ ಬರುವುದು ನಿವ್ವಳ ಲಾಭದಿಂದ. ಅದನ್ನು ಹಂಚುವ ಅಧಿಕಾರ ಆಡಳಿತ ಮಂಡಳಿಗಿಲ್ಲ. ಮಂಡಳಿ ಶಿಫಾರಸು ಮಾಡುತ್ತದೆ, ಒಪ್ಪುವುದು ವಾರ್ಷಿಕ ಮಹಾಸಭೆ. ಆ ಸಭೆ ಹಣಕಾಸು ವರ್ಷ ಮುಗಿದ ಆರು ತಿಂಗಳೊಳಗೆ, ಅಂದರೆ ಸೆಪ್ಟೆಂಬರಿನೊಳಗೆ ಆಗಬೇಕು. ಊರ ಹಬ್ಬಕ್ಕೆ ಮುಂಚೆ ಕೈಗೆ ದುಡ್ಡು ಸಿಗಲಿ ಎಂದು ಜೂನಿನಲ್ಲೇ ‘ಬೋನಸ್ ಹಂಚಲು ತೀರ್ಮಾನಿಸಲಾಯಿತು’ ಎಂದು ಮಂಡಳಿ ಬರೆದು ಹಂಚಿಬಿಟ್ಟರೆ, ಲೆಕ್ಕ ಪರಿಶೋಧನೆಯಲ್ಲಿ ಲಾಭ ಕಡಿಮೆ ಬಂದಾಗ ಕೊಟ್ಟದ್ದನ್ನು ಯಾರ ಮನೆಯಿಂದ ವಾಪಸು ತರುತ್ತೀರಿ? ನಡವಳಿಯಲ್ಲಿ ಬರಬೇಕಾದ ಮಾತು ‘ಲೆಕ್ಕ ಪರಿಶೋಧಿತ ನಿವ್ವಳ ಲಾಭವನ್ನು ಕೆಳಕಂಡಂತೆ ವಿಲೇವಾರಿ ಮಾಡಲು ಮಹಾಸಭೆಗೆ ಶಿಫಾರಸು ಮಾಡಲಾಯಿತು’ ಎಂದು.

ಈಗ ನಮ್ಮ ಡೇರಿಯ ವರ್ಷದ ನಿವ್ವಳ ಲಾಭ ₹2,00,000 ಎಂದುಕೊಳ್ಳೋಣ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಪ್ರಕಾರ ಲಾಭದ ಕಾಲು ಭಾಗ ಕಡಿಮೆಯಿಲ್ಲದಂತೆ ಮೀಸಲು ನಿಧಿಗೆ ಹೋಗಬೇಕು. ಅದು ₹50,000. ಸಹಕಾರ ಶಿಕ್ಷಣ ನಿಧಿಗೆ ಶೇ 2 ಎಂದಿಟ್ಟುಕೊಂಡರೆ ₹4,000. ಉಳಿದ ₹1,46,000ದಲ್ಲಿ ಉತ್ಪಾದಕರ ಬೋನಸ್ಸಿಗೆ ಶೇ 65 ಎಂದು ಈ ಸಂಘದ ಉಪವಿಧಿ ಹೇಳುತ್ತದೆ ಅನ್ನೋಣ. ಆಗ ₹94,900. ಮಿಕ್ಕ ₹51,100 ಷೇರು ಡಿವಿಡೆಂಡ್, ಸಿಬ್ಬಂದಿ ಬೋನಸ್, ಕಟ್ಟಡ ನಿಧಿ, ಜಾನುವಾರು ಅಭಿವೃದ್ಧಿ, ಧರ್ಮಾರ್ಥ ನಿಧಿ ಎಂದು ಉಪವಿಧಿಯಲ್ಲಿ ಹೇಳಿದ ಪಾಲಿನಂತೆ ಹೋಗುತ್ತದೆ.

ವರ್ಷಕ್ಕೆ ಕೊಂಡ ಹಾಲು 2,92,000 ಲೀಟರ್. ಸರಾಸರಿ ₹33.50ರಂತೆ ಅದರ ಬೆಲೆ ₹97,82,000. ಬೋನಸ್ ಹಣವನ್ನು ಇದರಿಂದ ಭಾಗಿಸಿದರೆ ನೂರು ರೂಪಾಯಿ ಹಾಲಿಗೆ 97 ಪೈಸೆ. ದಿನಕ್ಕೆ ಹತ್ತು ಲೀಟರಿನಂತೆ 300 ದಿನ ಹಾಕಿದ ಮನೆಯ ಹಾಲಿನ ಬೆಲೆ ₹1,00,500, ಬೋನಸ್ ₹975. ನಡವಳಿಯಲ್ಲಿ ‘ನೂರು ರೂಪಾಯಿಗೆ 97 ಪೈಸೆ’ ಎಂಬ ಈ ಒಂದು ಅಂಕಿ ಇದ್ದರೆ ಸಾಕು, ಪ್ರತಿಯೊಬ್ಬರೂ ತಮ್ಮ ಪಾಸ್ ಪುಸ್ತಕ ಹಿಡಿದು ತಮ್ಮ ಬೋನಸ್ಸನ್ನು ತಾವೇ ಲೆಕ್ಕ ಹಾಕಿಕೊಳ್ಳಬಹುದು. ಬಹಳ ಕಡೆ ಇರುವುದು ಒಟ್ಟು ಮೊತ್ತ ಮಾತ್ರ. ಇನ್ನು ಕೆಲವೆಡೆ ‘ಪ್ರತಿ ಸದಸ್ಯರಿಗೆ ₹500’ ಎಂದು ಸಮನಾಗಿ ಹಂಚುತ್ತಾರೆ. ಮೇಲ್ನೋಟಕ್ಕೆ ನ್ಯಾಯವೆನಿಸುವ ಈ ಹಂಚಿಕೆಯಲ್ಲಿ ವರ್ಷಕ್ಕೆ ಇಪ್ಪತ್ತು ದಿನ ಹಾಲು ಹಾಕಿ ಉಳಿದದ್ದನ್ನು ಹೋಟೆಲಿಗೆ ಕೊಟ್ಟವರಿಗೂ ದಿನವೂ ಹಾಕಿದವರಿಗೂ ಒಂದೇ ತೂಕ. ಉತ್ಪಾದಕರ ಬೋನಸ್ ಎಂಬುದು ಹಾಕಿದ ಹಾಲಿನ ಬೆಲೆಗೆ ತಕ್ಕ ಪಾಲು. ಎಷ್ಟು ದಿನ, ಎಷ್ಟು ಲೀಟರ್ ಹಾಕಿದವರು ಅರ್ಹರು ಎಂಬುದನ್ನು ಉಪವಿಧಿಯಿಂದ ಎತ್ತಿ ನಿರ್ಣಯದಲ್ಲೇ ಬರೆಯಬೇಕು.

ಇಲ್ಲಿ ಹಿಂದಿನ ಐವತ್ತು ಪೈಸೆಯ ಮಾತಿಗೆ ವಾಪಸಾಗೋಣ. ಆ ₹12,000ವನ್ನು ದರದಲ್ಲಿ ಕೊಟ್ಟರೆ ಅಷ್ಟೂ ಹಾಲು ಹಾಕಿದವರ ಕೈಗೆ ಹೋಗುತ್ತದೆ. ಕೊಡದೆ ಲಾಭದಲ್ಲಿ ಉಳಿಸಿದರೆ ಮೀಸಲು, ಶಿಕ್ಷಣ ನಿಧಿ, ಇತರ ನಿಧಿಗಳಿಗೆ ಪಾಲು ಹೋಗಿ ಬೋನಸ್ಸಾಗಿ ಬರುವುದು ₹5,694. ಒಂದು ರೂಪಾಯಿ ಲಾಭದಲ್ಲಿ ಸುಮಾರು 47 ಪೈಸೆ. ಹಾಗೆಂದು ಉಳಿಕೆ ಕಳೆದುಹೋಯಿತು ಅಂತಲ್ಲ. ಮೀಸಲು ನಿಧಿ ಸಂಘದ ಗಂಟು. ನಾಳೆ ಸ್ವಂತ ಕಟ್ಟಡಕ್ಕೆ, ಹಾಲು ತಂಪು ಮಾಡುವ ಯಂತ್ರದ ಷೆಡ್ಡಿಗೆ ಅದೇ ಆಸರೆ. ಆದರೆ ಮಂಡಳಿಯಲ್ಲಿ ‘ದರದಲ್ಲಿ ಯಾಕೆ ಕೊಡೋದು, ಬೋನಸ್ಸಲ್ಲಿ ಕೊಟ್ಟರಾಯ್ತು, ಎಲ್ಲ ಒಂದೇ’ ಎಂದು ಯಾರಾದರೂ ಹೇಳಿದರೆ, ಒಂದೇ ಅಲ್ಲ ಎಂದು ಈ ಲೆಕ್ಕ ತೋರಿಸಬಹುದು. ನನ್ನ ಮಟ್ಟಿಗೆ, ಹಾಲು ಕಡಿಮೆಯಾಗುವ ಬೇಸಿಗೆಯಲ್ಲಿ ದರಕ್ಕೆ ಸೇರಿಸುವುದು ಸರಿ, ಮಳೆಗಾಲದಲ್ಲಿ ಲಾಭಕ್ಕೆ ಬಿಡುವುದು ಸರಿ. ಬೇಸಿಗೆಯಲ್ಲಿ ಹಸುವಿನ ಮೇವು ಕೊಳ್ಳುವ ಮನೆಗೆ ಸೆಪ್ಟೆಂಬರಿನ ಬೋನಸ್ ತಡ.

ಸಂಬಳದ ಸಾಲು

ಸಿಬ್ಬಂದಿ ವಿಷಯ ಬಂದಾಗ ಒಂದು ತಮಾಷೆಯ ಕಷ್ಟವಿದೆ. ನಡವಳಿ ಬರೆಯುವವರೇ ಕಾರ್ಯದರ್ಶಿ. ಈಗ ಕಾಗದದಲ್ಲಿ ಮುಖ್ಯ ಕಾರ್ಯನಿರ್ವಾಹಕ ಎಂದರೂ ಊರಲ್ಲಿ ಅವರು ಕಾರ್ಯದರ್ಶಿಯೇ. ಅವರ ಸಂಬಳದ ವಿಷಯವನ್ನು ಅವರೇ ಕೂತು ಬರೆಯುವುದು ಅವರಿಗೂ ಮುಜುಗರ, ಸಭೆಗೂ. ಆ ವಿಷಯ ಬಂದಾಗ ಅವರು ಹೊರಗೆ ಹೋಗಿ, ಒಬ್ಬ ನಿರ್ದೇಶಕರು ಅಷ್ಟು ಭಾಗವನ್ನು ತಮ್ಮ ಕೈಬರಹದಲ್ಲಿ ಬರೆಯುವುದು ಒಳ್ಳೆಯ ರೂಢಿ. ನಿರ್ದೇಶಕರ ಮಗನನ್ನೋ ತಮ್ಮನನ್ನೋ ಹಾಲು ಪರೀಕ್ಷಕನಾಗಿ ತೆಗೆದುಕೊಳ್ಳುವ ಸಭೆಯಲ್ಲೂ ಹಾಗೆಯೇ. ಸಂಬಂಧಪಟ್ಟ ನಿರ್ದೇಶಕರು ಎದ್ದು ಹೋದರು, ಚರ್ಚೆಯಲ್ಲಿ ಭಾಗವಹಿಸಲಿಲ್ಲ ಎಂಬ ಸಾಲು ಇರಬೇಕು. ಎಷ್ಟು ಅರ್ಜಿ ಬಂದವು ಎಂಬುದೂ ಇರಬೇಕು.

ಸಂಬಳ ಹೆಚ್ಚಿಸುವಾಗ ಲೀಟರಿಗೆ ಎಷ್ಟು ಬೀಳುತ್ತದೆ ಎಂದು ನೋಡಿದರೆ ವಾದ ಸುಲಭವಾಗುತ್ತದೆ. ಈಗ ಕಾರ್ಯದರ್ಶಿಗೆ ₹11,000, ಪರೀಕ್ಷಕರಿಗೆ ₹7,000, ಸಹಾಯಕರಿಗೆ ₹5,000. ತಿಂಗಳ 24,000 ಲೀಟರಿಗೆ ಹಂಚಿದರೆ ಲೀಟರಿಗೆ 96 ಪೈಸೆ. ಕಾರ್ಯದರ್ಶಿಗೂ ಪರೀಕ್ಷಕರಿಗೂ ತಲಾ ₹1,500 ಏರಿಸಿದರೆ ₹1.08 ಆಗುತ್ತದೆ. ವರ್ಷಕ್ಕೆ ₹36,000 ಲಾಭದಲ್ಲಿ ಕಡಿಮೆ. ಬೋನಸ್ಸಿನಲ್ಲಿ ₹17,082 ಕಡಿಮೆ. ಹತ್ತು ಲೀಟರಿನ ಆ ಮನೆಗೆ ₹975ರ ಬದಲು ಸುಮಾರು ₹800 ಸಿಗುತ್ತದೆ. ವರ್ಷಕ್ಕೆ ₹175. ಬೆಳಿಗ್ಗೆ ಐದೂವರೆಗೆ ಬೀಗ ತೆಗೆದು, ಹಬ್ಬ ಹರಿದಿನ ಎನ್ನದೆ ಎರಡು ಹೊತ್ತು ಅಳತೆ ಮಾಡುವವರಿಗೆ ಈ ₹175 ಹೆಚ್ಚೇ ಎಂದು ಮಹಾಸಭೆಯಲ್ಲಿ ಕೇಳಿದರೆ ಉತ್ತರ ಸಿಗುತ್ತದೆ. ‘ಸಂಬಳ ಏರಿಸಿದ್ರಂತೆ’ ಎಂಬ ಗುಸುಗುಸು ಹುಟ್ಟುವುದು ಈ ಅಂಕಿ ಹೇಳದಿದ್ದಾಗ. ನಿರ್ಣಯದಲ್ಲಿ ಹಳೆಯ ಸಂಬಳ, ಹೊಸ ಸಂಬಳ, ಯಾವ ತಿಂಗಳಿಂದ, ಮಹಾಸಭೆ ಒಪ್ಪಿದ ಅಂದಾಜು ಆಯವ್ಯಯದಲ್ಲಿ ಅದಕ್ಕೆ ಜಾಗವಿದೆಯೇ ಎಂಬುದಿಷ್ಟು ಬರಲಿ.

ಜಿಡ್ಡು ಹೊಂದದಿದ್ದಾಗ

ದರ ಮತ್ತು ಸಿಬ್ಬಂದಿ ಎರಡೂ ಒಟ್ಟಿಗೆ ಸಿಕ್ಕಿಕೊಳ್ಳುವ ವಿಷಯವಿದು. ಸಂಘದ ಯಂತ್ರ ಸರಾಸರಿ ಜಿಡ್ಡು 4.1 ಎಂದು ತೋರಿಸಿದೆ, ಒಕ್ಕೂಟದಿಂದ ಬಂದ ವರದಿಯಲ್ಲಿ 3.9. ಎರಡೇ ಪಾಯಿಂಟ್. ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. 740 ಲೀಟರ್ ಎಂದರೆ 762 ಕೆ.ಜಿ. ಅದರ ಶೇ 0.2 ಎಂದರೆ ದಿನಕ್ಕೆ ಒಂದೂವರೆ ಕೆ.ಜಿ. ಜಿಡ್ಡಿಗೆ ಸಂಘ ದುಡ್ಡು ಕೊಟ್ಟಿದೆ, ಒಕ್ಕೂಟದಿಂದ ಪಡೆದಿಲ್ಲ. ಕಮಿಷನ್ ಸೋರುವುದು ಇಲ್ಲೇ.

ಇಂಥ ತಿಂಗಳಲ್ಲಿ ಮಂಡಳಿ ಸಿಟ್ಟಿನಲ್ಲಿ ಸೇರುತ್ತದೆ. ‘ಪರೀಕ್ಷಕರ ನಿರ್ಲಕ್ಷ್ಯದಿಂದ ನಷ್ಟವಾಗಿದ್ದು ಅವರನ್ನು ಕೆಲಸದಿಂದ ತೆಗೆಯಲು ತೀರ್ಮಾನಿಸಲಾಯಿತು’ ಎಂದು ಬರೆದುಬಿಡುತ್ತದೆ. ಮೂರು ತಿಂಗಳಲ್ಲಿ ಆ ಪರೀಕ್ಷಕರು ಸಹಕಾರ ಕಾಯ್ದೆಯ 70ನೇ ಕಲಮಿನಡಿ ದಾವೆ ಹೂಡುತ್ತಾರೆ. ಸಂಘಕ್ಕೂ ನೌಕರರಿಗೂ ಇರುವ ತಕರಾರು ಅಲ್ಲಿಗೇ ಹೋಗುವುದು. ಅಲ್ಲಿ ಕೇಳುವ ಮೊದಲ ಪ್ರಶ್ನೆ: ಇವರಿಗೆ ನೋಟಿಸ್ ಕೊಟ್ಟಿರಾ, ವಿವರಣೆ ತೆಗೆದುಕೊಂಡಿರಾ?

ಜಿಡ್ಡು ಹೊಂದದಿರಲು ಕಾರಣ ಹಲವು. ಕ್ಯಾನಿನ ಹಾಲನ್ನು ಕಲಕದೆ ಮೇಲಿನಿಂದ ಸ್ಯಾಂಪಲ್ ತೆಗೆದರೆ ಕೆನೆಯ ಪಾಲು ಹೆಚ್ಚು ಬರುತ್ತದೆ. ಯಂತ್ರವನ್ನು ತೊಳೆಯದೆ, ಹೊಂದಿಸದೆ ತಿಂಗಳುಗಟ್ಟಲೆ ಬಿಟ್ಟರೆ ಅಂಕಿ ಜಾರುತ್ತದೆ. ಬೇಕಾದವರ ಹಾಲಿಗೆ ಪಾಯಿಂಟ್ ಸೇರಿಸಿ ಬರೆಯುವುದೂ ಉಂಟು. ಇವನ್ನು ಬೇರ್ಪಡಿಸಲು ಮಂಡಳಿ ಮೊದಲು ಮಾಡಬೇಕಾದ್ದು ಒಂದೇ ಹಾಲನ್ನು ಯಂತ್ರದಲ್ಲೂ ಗರ್ಬರ್ ವಿಧಾನದಲ್ಲೂ ನೋಡುವುದು. ಗಾಜಿನ ಕೊಳವೆಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ ತಿರುಗಿಸಿ ಓದುವ ಹಳೆಯ ಪರೀಕ್ಷೆ ಅದು. ಒಕ್ಕೂಟದ ವಿಸ್ತರಣಾಧಿಕಾರಿಯ ಎದುರಿಗೆ ಐದಾರು ಸ್ಯಾಂಪಲ್ ಮಾಡಿದರೆ ಸಾಕು. ಎಲ್ಲ ಸ್ಯಾಂಪಲ್ಲಿನಲ್ಲೂ ಯಂತ್ರ ಎರಡು ಪಾಯಿಂಟ್ ಹೆಚ್ಚು ತೋರಿಸಿದರೆ ತಪ್ಪು ಯಂತ್ರದ್ದು. ಯಂತ್ರ ಸರಿಯಿದ್ದು, ಪುಸ್ತಕದಲ್ಲಿ ಕೆಲವೇ ಮನೆಗಳ ಅಂಕಿ ಮೇಲಿದ್ದರೆ ಆಗ ಮನುಷ್ಯನ ಕಡೆ ನೋಡಬೇಕು.

ನಡವಳಿಯೂ ಇದೇ ಕ್ರಮದಲ್ಲಿ ಮೂರು ಸಭೆಗೆ ಹರಡಿಕೊಳ್ಳಬೇಕು. ಮೊದಲ ಸಭೆಯಲ್ಲಿ ವ್ಯತ್ಯಾಸದ ಅಂಕಿ, ಪರೀಕ್ಷೆಯ ದಿನ. ಎರಡನೆಯದರಲ್ಲಿ ಪರೀಕ್ಷೆಯ ಫಲಿತಾಂಶ, ಬೇಕಿದ್ದರೆ ಲಿಖಿತ ನೋಟಿಸ್ ಮತ್ತು ಉತ್ತರಕ್ಕೆ ಕೊಟ್ಟ ದಿನಗಳು. ಮೂರನೆಯದರಲ್ಲಿ ಪರೀಕ್ಷಕರ ಉತ್ತರದ ಸಾರ, ಆಮೇಲೆ ತೀರ್ಮಾನ. ಉತ್ತರ ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಎಂಬ ಒಂದೆರಡು ಸಾಲು. ಕೊನೆಯಲ್ಲಿ ಎಚ್ಚರಿಕೆ ಕೊಟ್ಟು ಬಿಟ್ಟರೂ ಸರಿ, ತೆಗೆದರೂ ಸರಿ, ಆ ತೀರ್ಮಾನಕ್ಕೆ ಕಾಲು ಇರುತ್ತದೆ.

ಪುಸ್ತಕದ ಮೈ

ನಡವಳಿ ಪುಸ್ತಕದ ಪುಟಗಳಿಗೆ ಮೊದಲೇ ಅಂಕಿ ಹಾಕಿರಬೇಕು. ಟೈಪ್ ಮಾಡಿದ ಹಾಳೆ ಅಂಟಿಸಿದರೆ ಅಂಚಿನ ಮೇಲೆ ಅಧ್ಯಕ್ಷರ ಸಹಿ ಅರ್ಧ ಹಾಳೆಗೂ ಅರ್ಧ ಪುಟಕ್ಕೂ ಬೀಳಬೇಕು. ತಪ್ಪಾದರೆ ಬಿಳಿ ಬಣ್ಣ ಹಚ್ಚುವುದು ಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿದರೆ ಸಾಕು. ನಿರ್ಣಯಗಳ ನಡುವೆ ಖಾಲಿ ಸಾಲು ಬಿಡಬಾರದು. ಖಾಲಿ ಜಾಗ ಇದ್ದರೆ ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರೆ ವಿಷಯ’ ಒಂದು ತಿಂಗಳಾದ ಮೇಲೆ ಅಲ್ಲಿ ಹುಟ್ಟಿಕೊಳ್ಳುತ್ತದೆ. ಬೋನಸ್ ಮತ್ತು ನೇಮಕಾತಿಯಂಥ ವಿಷಯಗಳನ್ನು ಈ ‘ಇತರೆ’ಯಲ್ಲಿ ತರಬಾರದು. ಸಭಾ ಸೂಚನೆಯ ವಿಷಯ ಪಟ್ಟಿಯಲ್ಲೇ ಇರಬೇಕು.

ಎಲ್ಲಕ್ಕಿಂತ ಹೆಚ್ಚು ನಡೆಯುವ ತಪ್ಪು ಸಹಿಯದು. ಕೋರಂ ಆಗಲಿಲ್ಲ ಎಂದು ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಹೊಲಕ್ಕೆ, ಮನೆಗೆ ಹೋಗಿ ನಿರ್ದೇಶಕರ ಸಹಿ ಹಾಕಿಸಿಕೊಂಡು ಬರುವುದು. ಸಹಿ ಹಾಕಿದವರಿಗೆ ತಾವು ಯಾವುದಕ್ಕೆ ಹಾಕಿದೆವೆಂಬುದೇ ಗೊತ್ತಿರುವುದಿಲ್ಲ. ಸಂಘಕ್ಕೆ ನಷ್ಟವಾಗಿದೆ ಎಂದು 69ನೇ ಕಲಮಿನಡಿ ವಸೂಲಾತಿ ಬಂದಾಗ ಆ ಸಹಿಗೂ ಪಾಲು ಬರುತ್ತದೆ. ಒಪ್ಪದ ನಿರ್ದೇಶಕರು ಸಭೆಯಲ್ಲಿ ಬಾಯಲ್ಲಿ ವಿರೋಧಿಸಿ ಸುಮ್ಮನಾಗಬಾರದು. ತಮ್ಮ ಭಿನ್ನಾಭಿಪ್ರಾಯವನ್ನು ಹೆಸರು ಸಮೇತ ಬರೆಸಬೇಕು. ಬರೆಯದಿದ್ದರೆ ಮರುದಿನವೇ ಪತ್ರ ಕೊಟ್ಟು ಸ್ವೀಕೃತಿ ಪಡೆಯಬೇಕು.

ಸದಸ್ಯರು ಈ ಪುಸ್ತಕವನ್ನು ನೋಡಬೇಕೆಂದರೆ ಉಪವಿಧಿಯಲ್ಲಿ ಹೇಳಿದಂತೆ ಸಂಘಕ್ಕೆ ಬರೆದುಕೊಟ್ಟು ಕೇಳುವುದು ಮೊದಲ ದಾರಿ. ಮಾಹಿತಿ ಹಕ್ಕಿನಡಿ ನೇರವಾಗಿ ಸಂಘಕ್ಕೆ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಫಲ ಸಿಗುವುದಿಲ್ಲ. ಸರ್ಕಾರದ ಒಡೆತನವಾಗಲಿ ಹೆಚ್ಚಿನ ಹಣವಾಗಲಿ ಇಲ್ಲದ ಸಹಕಾರ ಸಂಘಗಳು ಸಾರ್ವಜನಿಕ ಪ್ರಾಧಿಕಾರವಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಕೇರಳದ ತಲಪ್ಪಲಂ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಹೇಳಿದೆ. ಆದರೆ ಕಾಯ್ದೆಯಡಿ ಸಹಕಾರ ಇಲಾಖೆಯ ಅಧಿಕಾರಿ ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ಆ ಅಧಿಕಾರಿಯ ಕಚೇರಿಗೆ ಅರ್ಜಿ ಹಾಕಿ ಕೇಳಬಹುದು. ಲೆಕ್ಕ ಪರಿಶೋಧನಾ ವರದಿಯ ಪ್ರತಿ ಸಿಗುವುದು ಹೆಚ್ಚಾಗಿ ಈ ದಾರಿಯಲ್ಲಿ.

ಆರಂಭದಲ್ಲಿ ಹೇಳಿದ ಡೇರಿಯಲ್ಲಿ ₹4,800ರ ಆಕ್ಷೇಪಣೆ ಮುಂದಿನ ಮಹಾಸಭೆಗೆ ಹೋಯಿತು. ಸುತ್ತೋಲೆ ತಡವಾಗಿ ಬಂದದ್ದಕ್ಕೆ ಒಕ್ಕೂಟದ ಹಾಲಿನ ಗಾಡಿಯವರು ಕೊಟ್ಟ ಚೀಟಿಯ ಮೇಲಿನ ತಾರೀಖೇ ಸಾಕ್ಷಿಯಾಯಿತು. ಕಾರ್ಯದರ್ಶಿ ಆ ಚೀಟಿಯನ್ನು ಯಾಕೋ ಎಸೆಯದೆ ಕ್ಯಾಲೆಂಡರಿನ ಮೊಳೆಗೆ ಚುಚ್ಚಿಟ್ಟಿದ್ದರು. ಮಹಾಸಭೆ ಹಣವನ್ನು ಸಂಘವೇ ಭರಿಸಲು ಒಪ್ಪಿತು. ಅಂದಿನಿಂದ ಅಲ್ಲಿ ಒಕ್ಕೂಟದ ಪ್ರತಿ ಕಾಗದದ ಮೇಲೂ ಬಂದ ದಿನ, ಹೊತ್ತು ಬರೆದು ನಡವಳಿ ಪುಸ್ತಕದ ಹಿಂಬದಿಯ ಚೀಲದಲ್ಲಿ ಇಡುತ್ತಾರೆ.